ಬ್ಯಾಂಕ್ ಸ್ಟೇಟ್‌ಮೆಂಟಿಗೆ ಟಿಕ್ ಹಾಕುವುದು
(ಸದಸ್ಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ವೇದಿಕೆಯಲ್ಲಿರುವ ಹಿರಿಯರೇ, ಡ್ಯೂಟಿ ಮುಗಿಸಿ ರೂಮಿಗೂ ಹೋಗದೆ ನೇರ ಇಲ್ಲಿಗೇ ಬಂದಿರುವ ಸಹೋದರರೇ, ಮಕ್ಕಳನ್ನು ಸುಮ್ಮನಿರಿಸುತ್ತಾ ಹಿಂದೆ ಕೂತಿರುವ ಸಹೋದರಿಯರೇ,

ನಾನು ಅಕೌಂಟೆಂಟ್. ಕಂಪನಿಯಲ್ಲಿ ಪ್ರತಿ ತಿಂಗಳ ಮೊದಲ ವಾರ ನನ್ನ ಮುಖ್ಯ ಕೆಲಸ ಒಂದೇ. ಬ್ಯಾಂಕ್ ಕಳಿಸಿದ ಸ್ಟೇಟ್‌ಮೆಂಟನ್ನೂ ನಮ್ಮ ಲೆಕ್ಕದ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲು ತಾಳೆ ನೋಡುವುದು. ಬಿ.ಕಾಂ.ನಲ್ಲಿ ಇದಕ್ಕೆ ಬ್ಯಾಂಕ್ ರಿಕನ್ಸಿಲಿಯೇಷನ್ ಅಂತ ಉದ್ದದ ಹೆಸರು ಉಂಟು. ನಾವು ಇವತ್ತು ಟಿಕ್ ಹಾಕುವುದು ಅಂತಲೇ ಕರೆಯುವ. ಕೋಟಿಗಟ್ಟಲೆ ವ್ಯವಹಾರದ ಕಂಪನಿಗೆ ಮಾಡುವ ಕೆಲಸವನ್ನೇ 3,200 ದಿರ್ಹಂ ಸಂಬಳದ ಖಾತೆಗೂ ಮಾಡಬಹುದು. ಒಂದು ಪೆನ್ನು ಬೇಕು, ಅರ್ಧ ಗಂಟೆ ಬೇಕು.

ಕಳೆದ ಅಕ್ಟೋಬರ್ ತಿಂಗಳಲ್ಲಿ ನಮ್ಮ ಒಬ್ಬ ಸಹೋದರ ರಾತ್ರಿ ಹನ್ನೊಂದು ಗಂಟೆಗೆ ನನಗೆ ಫೋನ್ ಮಾಡಿದರು. ಡೆಲಿವರಿ ವ್ಯಾನ್ ಓಡಿಸುವವರು. ಹೆಸರು ಬೇಡ, ಅವರ ಒಪ್ಪಿಗೆ ಕೇಳಿಯೇ ಅವರ ಲೆಕ್ಕ ಹೇಳುತ್ತಿದ್ದೇನೆ. ಊರಿಗೆ ಹೋಗಲು ವಿಮಾನದ ಟಿಕೆಟ್ ಮಾಡಿದ್ದರು, 640 ದಿರ್ಹಂ. ಮೊದಲ ಸಲ ಒತ್ತಿದಾಗ ಪುಟ ತಿರುಗುತ್ತಾ ತಿರುಗುತ್ತಾ ನಿಂತುಬಿಟ್ಟಿತು. ಎರಡನೇ ಸಲ ಒತ್ತಿದರು, ಟಿಕೆಟ್ ಬಂತು. ಆಮೇಲೆ ಬ್ಯಾಂಕಿನ ಆ್ಯಪ್ ತೆರೆದು ನೋಡಿದರೆ 640 ಎರಡು ಸಲ ಹೋಗಿದೆ, ಖಾತೆಯಲ್ಲಿ ಉಳಿದದ್ದು 47 ದಿರ್ಹಂ 16 ಫಿಲ್ಸ್. "ಕಾಕಾ, ನನ್ನ ಹಣ ಹೋಯ್ತು" ಅಂದರು. ಸ್ವರ ನಡುಗುತ್ತಿತ್ತು. ತಿಂಗಳು ಮುಗಿಯಲು ಇನ್ನೂ ಹನ್ನೊಂದು ದಿನ ಇತ್ತು.

ನಾನು ಕೇಳಿದ್ದು ಒಂದೇ ಪ್ರಶ್ನೆ: ಆ ಎರಡು ಸಾಲಿನ ಪಕ್ಕದಲ್ಲಿ ಎಂತ ಬರೆದಿದೆ? ಎರಡರ ಪಕ್ಕದಲ್ಲೂ PENDING ಅಂತ ಇತ್ತು. ಹಾಗಾದರೆ ಹಣ ಇನ್ನೂ ಹೋಗಿಲ್ಲ, ಬ್ಯಾಂಕ್ ಅದನ್ನು ಬದಿಗೆ ತೆಗೆದಿಟ್ಟಿದೆ ಅಷ್ಟೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮವರಿಗೆ ಅತಿ ಹೆಚ್ಚು ಹೆದರಿಕೆ ಹುಟ್ಟಿಸುವುದು ಇದೇ.

ಕಾರ್ಡ್ ಉಪಯೋಗಿಸಿದಾಗ ಎರಡು ಕೆಲಸ ಬೇರೆ ಬೇರೆ ಸಮಯದಲ್ಲಿ ನಡೆಯುತ್ತದೆ. ಮೊದಲು ಅಂಗಡಿಯವನ ಮೆಷಿನ್ ಬ್ಯಾಂಕಿಗೆ ಕೇಳುತ್ತದೆ: ಇವರ ಖಾತೆಯಲ್ಲಿ ಇಷ್ಟು ಹಣ ಉಂಟಾ? ಬ್ಯಾಂಕ್ "ಉಂಟು" ಎಂದು ಹೇಳಿ ಒಂದು ಅನುಮತಿ ಸಂಖ್ಯೆ ಕೊಟ್ಟು ಅಷ್ಟು ಹಣವನ್ನು ತಡೆಹಿಡಿಯುತ್ತದೆ. ಆಮೇಲೆ, ಒಂದು ದಿನವೋ ಎರಡು ದಿನವೋ ಬಿಟ್ಟು, ಅಂಗಡಿಯವನು ತನ್ನ ಬ್ಯಾಂಕಿನ ಮೂಲಕ "ಆ ಹಣ ಕೊಡಿ" ಎಂದು ಲೆಕ್ಕ ಕಳಿಸುತ್ತಾನೆ. ಆಗಲೇ ಅದು ಸ್ಟೇಟ್‌ಮೆಂಟಿನಲ್ಲಿ ಪಕ್ಕಾ ಸಾಲಾಗಿ ಕೂರುವುದು. ಮೊದಲ ಸಲ ಪುಟ ನಿಂತುಹೋದಾಗ ಬ್ಯಾಂಕ್ "ಉಂಟು" ಅಂದಾಗಿತ್ತು, ಆದರೆ ಟಿಕೆಟ್ ಕಂಪನಿಗೆ ಆ ಉತ್ತರ ಮುಟ್ಟಲಿಲ್ಲ. ಆದ್ದರಿಂದ ಅವರು ಆ 640ನ್ನು ಕೇಳಲು ಬರುವುದೇ ಇಲ್ಲ. ತಡೆಹಿಡಿದದ್ದು ತನ್ನಷ್ಟಕ್ಕೆ ಬಿಡುಗಡೆ ಆಗುತ್ತದೆ. ಕೆಲವೊಮ್ಮೆ ಎರಡು ಮೂರು ದಿನ, ಕೆಲವೊಮ್ಮೆ ವಾರಗಳೇ ಬೇಕು. ಅರ್ಜೆಂಟ್ ಇದ್ದರೆ ಟಿಕೆಟ್ ಕಂಪನಿಯಿಂದ "ಈ ಹಣ ನಮಗೆ ಬೇಡ" ಎಂದು ಒಂದು ಈಮೇಲ್ ಬರೆಸಿ ಬ್ಯಾಂಕಿಗೆ ಕೊಟ್ಟರೆ ಬೇಗ ಬಿಡುತ್ತಾರೆ.

ನಮ್ಮ ಸಹೋದರನಿಗೆ ಐದನೇ ದಿನ ಬಿಡುಗಡೆ ಆಯಿತು. ಅವರು ಖುಷಿ. ನಾನು ಹೇಳಿದೆ, ಖುಷಿಯೇನೋ ಸರಿ, ತಿಂಗಳು ಮುಗಿದ ಮೇಲೆ ಸ್ಟೇಟ್‌ಮೆಂಟ್ ಇಳಿಸಿಕೊಂಡು ಬನ್ನಿ, ಒಮ್ಮೆ ಪೂರ್ತಿ ನೋಡುವ. ನೋಡಿದಾಗ ಗೊತ್ತಾಯಿತು. ನಿದ್ದೆ ಕೆಡಿಸಿದ 640 ಎಲ್ಲಿಗೂ ಹೋಗಿರಲಿಲ್ಲ. ಆದರೆ ಬೇರೆ ಹಣ ಹೋಗಿತ್ತು, ಅದು ಅವರ ಗಮನಕ್ಕೇ ಬಂದಿರಲಿಲ್ಲ.

ಟಿಕ್ ಹಾಕಲು ಎರಡು ಕಾಗದ ಬೇಕು. ಒಂದು ಬ್ಯಾಂಕಿನದ್ದು, ಇನ್ನೊಂದು ನಿಮ್ಮದು. ಬ್ಯಾಂಕಿನದ್ದು ಅಂದರೆ ತಿಂಗಳ ಪೂರ್ತಿ ಸ್ಟೇಟ್‌ಮೆಂಟ್, ಈಮೇಲ್‌ಗೆ ಬರುವ ಅಥವಾ ಆ್ಯಪ್‌ನಿಂದ ಇಳಿಸಿಕೊಳ್ಳುವ ಪಿಡಿಎಫ್. ಆ್ಯಪ್‌ನ ಪರದೆ ನೋಡಿ ಮಾಡಬೇಡಿ. ಅದರಲ್ಲಿ ತಡೆಹಿಡಿದದ್ದೂ ಹೋದದ್ದೂ ಕಲಸಿಕೊಂಡಿರುತ್ತದೆ. ನಿಮ್ಮ ಕಾಗದ ಅಂದರೆ ಒಂದು ಸಣ್ಣ ನೋಟ್‌ಬುಕ್. ದಿನಾಂಕ, ಯಾರಿಗೆ, ಎಷ್ಟು. ಮೂರೇ ಕಾಲಂ ಸಾಕು. ಬರೆಯಲು ಉದಾಸೀನ ಅಂತ ಆದರೆ ರಸೀದಿಗಳನ್ನಾದರೂ ಇಟ್ಟುಕೊಳ್ಳಿ. ಆದರೆ ಅವು ಶಾಖಕ್ಕೆ ಅಕ್ಷರ ಮೂಡುವ ಕಾಗದ. ಇಲ್ಲಿಯ ಬೇಸಿಗೆಯಲ್ಲಿ ವ್ಯಾನಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೆ ಪೂರ್ತಿ ಕಪ್ಪಾಗಿ ಓದಲು ಬಾರದಂತೆ ಆಗುತ್ತದೆ. ಅವತ್ತೇ ಒಂದು ಫೋಟೋ ತೆಗೆದಿಡಿ.

ಈಗ ಅವರ ಅಕ್ಟೋಬರ್ ಲೆಕ್ಕ. ನೋಟ್‌ಬುಕ್ ಅವರು ಬರೆಯುತ್ತಿದ್ದರು, ಅದು ನಮ್ಮ ಪುಣ್ಯ. ತಿಂಗಳ ಆರಂಭದಲ್ಲಿ 1,240 ದಿರ್ಹಂ ಇತ್ತು. ಸಂಬಳ 3,200 ಬಂತು. ಊರಿಗೆ 2,000 ಕಳಿಸಿದರು, ಅದಕ್ಕೆ ಫೀ 15 ಮತ್ತು ವ್ಯಾಟ್ 75 ಫಿಲ್ಸ್ ಸೇರಿ 2,015.75. ಸ್ವಂತ ಬ್ಯಾಂಕಿನ ಎಟಿಎಂನಿಂದ 500, ಬೇರೆ ಬ್ಯಾಂಕಿನ ಎಟಿಎಂನಿಂದ 300 ತೆಗೆದರು. ಸೂಪರ್ ಮಾರ್ಕೆಟ್ 86.50, ಮೊಬೈಲ್ ರೀಚಾರ್ಜ್ 50, ಕಫ್ಟೇರಿಯದಲ್ಲಿ 42, ಟಿಕೆಟ್ 640, ಕೊನೆಗೆ 31ನೇ ತಾರೀಕು ರಾತ್ರಿ ಔಷಧಿಗೆ 35. ಎಲ್ಲ ಕಳೆದರೆ ಅವರ ಪುಸ್ತಕದ ಪ್ರಕಾರ ಉಳಿಯಬೇಕಾದದ್ದು 770.75. ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಕೊನೆಯ ಬಾಕಿ 660.91. ವ್ಯತ್ಯಾಸ 109.84.

ಮೊದಲು ಸ್ಟೇಟ್‌ಮೆಂಟಿನ ತಲೆಬರಹದ ಆರಂಭದ ಬಾಕಿ ಹಿಂದಿನ ತಿಂಗಳ ಕೊನೆಯ ಬಾಕಿಯೇ ಹೌದಾ ಎಂದು ನೋಡಿದೆವು. ಸರಿ ಇತ್ತು. ಅದು ಸರಿಯಿಲ್ಲದಿದ್ದರೆ ನಡುವೆ ಒಂದು ಪುಟ ಇಳಿಸಿಕೊಳ್ಳದೆ ಬಿಟ್ಟುಹೋಗಿದೆ ಅಂತಲೇ ಅರ್ಥ, ಮುಂದೆ ಹೋಗುವುದು ವ್ಯರ್ಥ. ಆಮೇಲೆ ಹಣ ಬಂದ ಸಾಲು. ಸಂಬಳದ ಚೀಟಿಯಲ್ಲಿ 3,200, ಬ್ಯಾಂಕಿನಲ್ಲೂ 3,200. ಎರಡೂ ಕಡೆ ಟಿಕ್. ಆಮೇಲೆ ಹೋದ ಹಣ. ನೋಟ್‌ಬುಕ್ಕಿನ ಒಂದು ಸಾಲು, ಸ್ಟೇಟ್‌ಮೆಂಟಿನ ಒಂದು ಸಾಲು, ಎರಡಕ್ಕೂ ಟಿಕ್. ಒಂದು ಸಾಲಿಗೆ ಒಂದೇ ಟಿಕ್, ಇದು ಮುಖ್ಯ. "ಆ ಸೂಪರ್ ಮಾರ್ಕೆಟ್ಟಿಗೆ ನಾನು ಹೋಗಿದ್ದೆ" ಎಂದು ಕಣ್ಣಲ್ಲೇ ಓದಿಕೊಂಡು ಹೋದರೆ ಎರಡು ಸಲ ಕಡಿದದ್ದು ಯಾವತ್ತೂ ಸಿಗುವುದಿಲ್ಲ, ಯಾಕೆಂದರೆ ಎರಡೂ ಸಾಲು ಗುರುತಿನ ಅಂಗಡಿಯದ್ದೇ.

ನಡುವೆ ಒಂದು ಕಡೆ ಅವರು ನಿಂತರು. 42 ದಿರ್ಹಂ ಹೋಗಿದೆ, ಆದರೆ ಎದುರು ಯಾವುದೋ ಕಂಪನಿಯ ಹೆಸರು, ಕಫ್ಟೇರಿಯದ್ದಲ್ಲ. "ಇದು ಮೋಸ" ಅಂದರು. ಗಡಿಬಿಡಿ ಬೇಡ. ಇಲ್ಲಿ ಅಂಗಡಿಯ ಬೋರ್ಡಿನ ಮೇಲೆ ಒಂದು ಹೆಸರು, ಲೈಸೆನ್ಸಿನಲ್ಲಿ ಇನ್ನೊಂದು ಹೆಸರು ಇರುವುದು ಸಾಮಾನ್ಯ. ಮೂರು ಅಂಗಡಿ ಇರುವ ಒಬ್ಬ ಮಾಲೀಕ ಮೂರಕ್ಕೂ ಒಂದೇ ಕಂಪನಿಯ ಮೆಷಿನ್ ಇಟ್ಟಿರುತ್ತಾನೆ. ರಸೀದಿಯ ತಲೆಯ ಮೇಲೆ ಆ ಕಂಪನಿಯ ಹೆಸರೇ ಅಚ್ಚಾಗಿತ್ತು. ಟಿಕ್. ಹೆಸರು ಹೊಂದದಿದ್ದರೆ ಮೊತ್ತವನ್ನೂ ದಿನಾಂಕವನ್ನೂ ಹಿಡಿದು ಹುಡುಕಿ. ದಿನಾಂಕದಲ್ಲಿ ಒಂದೆರಡು ದಿನ ಹೆಚ್ಚುಕಮ್ಮಿ ಇರಬಹುದು. ಫಿಲ್ಸ್ ಸಮೇತ ಮೊತ್ತ ಹೊಂದಿದರೆ ಹೆಚ್ಚಾಗಿ ಅದೇ.

ಟಿಕ್ ಎಲ್ಲ ಮುಗಿದ ಮೇಲೆ ಟಿಕ್ ಇಲ್ಲದೆ ಉಳಿದದ್ದು ಐದು ಸಾಲು. ನೋಟ್‌ಬುಕ್ಕಿನಲ್ಲಿ ಒಂದು: ಔಷಧಿಯ 35. ಸ್ಟೇಟ್‌ಮೆಂಟಿನಲ್ಲಿ ನಾಲ್ಕು: 2.10, ಇನ್ನೊಂದು 86.50, 29.99 ಮತ್ತು 26.25. ಲೆಕ್ಕ ಹೀಗೆ ಕೂರುತ್ತದೆ, ಪೆನ್ನು ಇದ್ದವರು ಬರೆದುಕೊಳ್ಳಿ:

ನೋಟ್‌ಬುಕ್ ಬಾಕಿ: 770.75
ಕೂಡಿಸಿ, ಬ್ಯಾಂಕಿಗೆ ಇನ್ನೂ ಮುಟ್ಟದ ಔಷಧಿ ಬಿಲ್ಲು: 35.00
ಆಗ: 805.75
ಕಳೆಯಿರಿ, ಬ್ಯಾಂಕಿನಲ್ಲಿ ಮಾತ್ರ ಇರುವ ನಾಲ್ಕು ಸಾಲು: 144.84
ಆಗ: 660.91

ಬ್ಯಾಂಕಿನ ಬಾಕಿಯೂ 660.91. ಒಂದು ಫಿಲ್ಸ್ ಬಿಡದೆ ಕೂತಿತು. ಇಲ್ಲಿ ಒಂದು ವಿಷಯ ನೋಡಿ. ವ್ಯತ್ಯಾಸ 109.84 ಇತ್ತು, ಆದರೆ ಬ್ಯಾಂಕ್ ನಮ್ಮ ಪುಸ್ತಕಕ್ಕೆ ಗೊತ್ತಿಲ್ಲದೆ ತೆಗೆದದ್ದು 144.84. ಔಷಧಿಯ 35 ಇನ್ನೂ ಕಡಿದಿರದ ಕಾರಣ ಅಷ್ಟು ಮರೆಯಾಗಿತ್ತು. ಅದಕ್ಕೇ ಬಾಕಿ ಮಾತ್ರ ಹೋಲಿಸಿ "ಹೆಚ್ಚುಕಮ್ಮಿ ಸರಿ ಉಂಟು" ಅನ್ನುವುದು ಸಾಲದು. ತಿಂಗಳ ಕೊನೆಯ ಖರ್ಚು ಇನ್ನೂ ಸ್ವಲ್ಪ ದೊಡ್ಡದಾಗಿದ್ದರೆ ಎರಡೂ ಬಾಕಿ ಹತ್ತಿರ ಹತ್ತಿರ ಕಾಣುತ್ತಿತ್ತು, ಇವರು ನೆಮ್ಮದಿಯಿಂದ ಮಲಗುತ್ತಿದ್ದರು.

ಈಗ ಆ ಐದು ಸಾಲನ್ನು ಒಂದೊಂದಾಗಿ ನೋಡುವ. ಔಷಧಿಯ 35ಕ್ಕೆ ಏನೂ ಮಾಡಬೇಕಾಗಿಲ್ಲ. ಅದು ನವೆಂಬರ್ ಮೊದಲ ದಿನಗಳಲ್ಲಿ ಬರುತ್ತದೆ, ಬಂದಾಗ ಟಿಕ್ ಹಾಕಬೇಕು. ಅಲ್ಲಿಯ ತನಕ ಆ 35 ನಮ್ಮದು ಅಂತ ಲೆಕ್ಕ ಹಿಡಿಯಬಾರದು. 2.10 ಅಂದರೆ ಬೇರೆ ಬ್ಯಾಂಕಿನ ಎಟಿಎಂ ಉಪಯೋಗಿಸಿದ ಫೀ, 2 ದಿರ್ಹಂ ಮತ್ತು ಅದರ ಮೇಲೆ ವ್ಯಾಟ್ 10 ಫಿಲ್ಸ್. ಸರಿಯಾದ ಕಡಿತವೇ.

ಇಲ್ಲಿ ನನ್ನ ಕಸುಬಿನ ಒಂದು ಸಣ್ಣ ಉಪಾಯ ಹೇಳಿಬಿಡುತ್ತೇನೆ. ಯುಎಇಯಲ್ಲಿ 2018ರ ಜನವರಿ 1ರಿಂದ 5 ಶೇಕಡಾ ವ್ಯಾಟ್ ಇದೆ, ಬ್ಯಾಂಕ್ ಫೀಯ ಮೇಲೂ ಬೀಳುತ್ತದೆ. ಆದ್ದರಿಂದ ಗೊತ್ತಿಲ್ಲದ ಒಂದು ಕಡಿತ ಕಂಡರೆ ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ ಅದನ್ನು 1.05ರಿಂದ ಭಾಗಿಸಿ. ಉತ್ತರ ದುಂಡು ಸಂಖ್ಯೆ ಬಂದರೆ ಅದು ಬಹುಪಾಲು ಬ್ಯಾಂಕಿನ ಫೀ. 26.25ನ್ನು ಭಾಗಿಸಿ, ಸರಿಯಾಗಿ 25 ಬರುತ್ತದೆ. ಊರಿನ ಖಾತೆಗೆ 1.18ರಿಂದ ಭಾಗಿಸಬೇಕು, ಅಲ್ಲಿ ಬ್ಯಾಂಕ್ ಸೇವೆಗೆ ಜಿಎಸ್‌ಟಿ 18 ಶೇಕಡಾ. 118 ಅಂದರೆ 100, 177 ಅಂದರೆ 150, 236 ಅಂದರೆ 200, 590 ಅಂದರೆ 500. ವ್ಯಾಟ್ ಬೇರೆ ಸಾಲಿನಲ್ಲಿ ತೋರಿಸುವ ಬ್ಯಾಂಕೂ ಉಂಟು, ಆಗ 25 ಒಂದು ಸಾಲು, ಅದರ ಕೆಳಗೆ 1.25 ಇನ್ನೊಂದು ಸಾಲು ಕಾಣುತ್ತದೆ. ಫೀ ಅಂತ ಗೊತ್ತಾದ ಮೇಲೆ ಬ್ಯಾಂಕಿನ ವೆಬ್‌ಸೈಟಿನಲ್ಲಿ ದರಪಟ್ಟಿ ತೆಗೆದು 25 ದಿರ್ಹಂ ಯಾವುದಕ್ಕೆ ಎಂದು ಹುಡುಕಿದರಾಯಿತು.

ನಮ್ಮ ಸಹೋದರನ ಬ್ಯಾಂಕಿನಲ್ಲಿ ಅದು ಕನಿಷ್ಠ ಬಾಕಿ ಇಡದ್ದಕ್ಕೆ ಇರುವ ಫೀ. ಆದರೆ ಸಂಬಳ ಜಮೆಯಾಗುವ ಖಾತೆಗೆ ಆ ಫೀ ಇಲ್ಲ ಅಂತ ಅದೇ ದರಪಟ್ಟಿಯಲ್ಲಿ ಬರೆದಿತ್ತು. ಹಾಗಾದರೆ ಯಾಕೆ ಕಡಿದರು? ಶಾಖೆಗೆ ಹೋಗಿ ಕೇಳಿದಾಗ ಗೊತ್ತಾಯಿತು. ಜನವರಿಯಲ್ಲಿ ಅವರು ಕಂಪನಿ ಬದಲಾಯಿಸಿದ್ದರು. ಹೊಸ ಕಂಪನಿಯ ಸಂಬಳ ಅದೇ ಖಾತೆಗೆ ಬರುತ್ತಿದ್ದರೂ ಬ್ಯಾಂಕಿನ ದಾಖಲೆಯಲ್ಲಿ ಅದು ಸಂಬಳದ ಖಾತೆಯಾಗಿ ಉಳಿದಿರಲಿಲ್ಲ, ಸಾಮಾನ್ಯ ಖಾತೆಯಾಗಿಬಿಟ್ಟಿತ್ತು. ಹಿಂದಿನ ಸ್ಟೇಟ್‌ಮೆಂಟುಗಳನ್ನು ತೆಗೆದು ನೋಡಿದರೆ ಫೆಬ್ರವರಿಯಿಂದ ಪ್ರತಿ ತಿಂಗಳೂ 26.25. ಒಂಬತ್ತು ತಿಂಗಳಿಗೆ 236.25 ದಿರ್ಹಂ. ಹೊಸ ಕಂಪನಿಯ ಸಂಬಳ ಪತ್ರ ಕೊಟ್ಟ ಮೇಲೆ ಖಾತೆಯನ್ನು ಸರಿಪಡಿಸಿದರು. ಮೂರು ತಿಂಗಳ ಹಣ, 78.75, ವಾಪಸ್ ಹಾಕಿದರು. ಉಳಿದ 157.50ಕ್ಕೆ, ಹಳೆಯದಾಯಿತು, ಸಮಯಕ್ಕೆ ತಿಳಿಸಬೇಕಿತ್ತು ಎಂದು ಕೈ ಚೆಲ್ಲಿದರು. ಸ್ಟೇಟ್‌ಮೆಂಟಿನ ಕೊನೆಯಲ್ಲಿ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರ ಇರುತ್ತದಲ್ಲ, ತಪ್ಪು ಕಂಡರೆ ಇಷ್ಟು ದಿನದೊಳಗೆ ತಿಳಿಸಿ ಎಂದು? ಅದನ್ನು ಒಮ್ಮೆ ಓದಿ ಎಷ್ಟು ದಿನ ಎಂದು ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆದಿಡಿ. ಕಂಪನಿ ಬದಲಾಯಿಸಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. ಹಾಂ, ನೀವೆಲ್ಲ ಮೊದಲು ಈ ಒಂದು ಸಾಲು ಹುಡುಕಿ.

ಇನ್ನು ಎರಡನೇ 86.50. ಸೂಪರ್ ಮಾರ್ಕೆಟ್ಟಿಗೆ ಅವರು ಹೋದದ್ದು ಒಂದೇ ಸಲ, 9ನೇ ತಾರೀಕು. ಆದರೆ ನೆನಪು ಮಾಡಿಕೊಂಡಾಗ, ಮೊದಲು ಕಾರ್ಡ್ ಮುಟ್ಟಿಸಿದಾಗ ಮೆಷಿನ್ ಸುಮ್ಮನಾಯಿತು, ಕ್ಯಾಷಿಯರ್ "ಇನ್ನೊಮ್ಮೆ ಮುಟ್ಟಿಸಿ" ಅಂದ, ಆಗ ರಸೀದಿ ಬಂತು. ನಮ್ಮ ಟಿಕೆಟ್ ಕಥೆಯ ಹಾಗೆಯೇ, ಆದರೆ ಒಂದು ವ್ಯತ್ಯಾಸ. ಇಲ್ಲಿ ಅಂಗಡಿಯ ಮೆಷಿನ್ ಎರಡನ್ನೂ ಲೆಕ್ಕದಲ್ಲಿ ಕಳಿಸಿತ್ತು. PENDING ಅಲ್ಲ, ಸ್ಟೇಟ್‌ಮೆಂಟಿನಲ್ಲಿ ಎರಡು ಪಕ್ಕಾ ಸಾಲು. ಇದು ತನ್ನಷ್ಟಕ್ಕೆ ವಾಪಸ್ ಬರುವುದಿಲ್ಲ, ಕೇಳಿದರೆ ಮಾತ್ರ ಬರುತ್ತದೆ.

ಇಂಥದ್ದು ಕಂಡಾಗ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ, ನಿಜವಾಗಿ ಎರಡು ಸಲ ಕೊಂಡಿರಲಿಕ್ಕಿಲ್ಲವೇ? ಬೆಳಿಗ್ಗೆ ಒಂದು ಚಾ, ಸಂಜೆ ಒಂದು ಚಾ, ಎರಡೂ ಒಂದೇ ಮೊತ್ತ. ಅದು ಎರಡು ಸಲ ಕಡಿದದ್ದಲ್ಲ, ಎರಡು ಸಲ ಕುಡಿದದ್ದು. ಅದನ್ನು ಬಗೆಹರಿಸಲು ಅನುಮತಿ ಸಂಖ್ಯೆ ಸಹಾಯ ಮಾಡುತ್ತದೆ. ರಸೀದಿಯಲ್ಲಿ ಸಣ್ಣದಾಗಿ ಆರು ಅಕ್ಷರದ ಒಂದು ಸಂಖ್ಯೆ ಇರುತ್ತದೆ. ಸ್ಟೇಟ್‌ಮೆಂಟಿನಲ್ಲಿ ಅದು ಕಾಣದಿದ್ದರೆ ಬ್ಯಾಂಕಿಗೆ ಫೋನ್ ಮಾಡಿ ಆ ಎರಡು ಸಾಲಿನ ಅನುಮತಿ ಸಂಖ್ಯೆ ಮತ್ತು ಗಂಟೆ ನಿಮಿಷ ಕೇಳಬಹುದು. ಎರಡಕ್ಕೂ ಒಂದೇ ಸಂಖ್ಯೆಯಾದರೆ ಅಂಗಡಿಯ ಲೆಕ್ಕ ಎರಡು ಸಲ ಹೋಗಿದೆ. ಸಂಖ್ಯೆ ಬೇರೆಯಾಗಿದ್ದು ನಡುವೆ ಒಂದು ನಿಮಿಷದ ಅಂತರ ಇದ್ದರೆ ಕಾರ್ಡ್ ಎರಡು ಸಲ ಮುಟ್ಟಿಸಿದ್ದು. ಇವರದ್ದು ಎರಡನೆಯದು. ಸ್ಟೇಟ್‌ಮೆಂಟ್, ರಸೀದಿ ಎರಡನ್ನೂ ಹಿಡಿದು ಅಂಗಡಿಗೆ ಹೋದರು. ಮ್ಯಾನೇಜರ್ ಆ ದಿನದ ಮೆಷಿನ್ ವರದಿ ತೆಗೆದು ನೋಡಿ ಒಪ್ಪಿಕೊಂಡ. ಆರು ದಿನ ಬಿಟ್ಟು 86.50 ಖಾತೆಗೆ ಬಂತು.

ಅಂಗಡಿಯವನು ಒಪ್ಪದಿದ್ದರೆ ಬ್ಯಾಂಕಿನಲ್ಲಿ ಡಿಸ್ಪ್ಯೂಟ್ ಫಾರ್ಮ್ ಉಂಟು. ವೀಸಾ, ಮಾಸ್ಟರ್‌ಕಾರ್ಡ್‌ಗಳ ನಿಯಮದಲ್ಲಿ ಹೆಚ್ಚಿನ ತಕರಾರುಗಳಿಗೆ ಸುಮಾರು 120 ದಿನದ ಗಡು ಇದೆ, ಆದರೆ ನಿಮ್ಮ ಬ್ಯಾಂಕ್ ನಿಮ್ಮಿಂದ ಕೇಳುವುದು ಅದಕ್ಕಿಂತ ಬೇಗ. ಫಾರ್ಮಿನಲ್ಲಿ ಕಥೆ ಬರೆಯಬೇಡಿ. ದಿನಾಂಕ, ಮೊತ್ತ, ಸ್ಟೇಟ್‌ಮೆಂಟಿನಲ್ಲಿ ಇದ್ದ ಹಾಗೆಯೇ ಅಂಗಡಿಯ ಹೆಸರು, ಅನುಮತಿ ಸಂಖ್ಯೆ, ಮತ್ತು ಒಂದು ವಾಕ್ಯ: ನಾನು ಒಂದೇ ಸಲ ಕೊಂಡಿದ್ದೇನೆ, ಎರಡು ಸಲ ಕಡಿತವಾಗಿದೆ, ಒಂದನ್ನು ವಾಪಸ್ ಮಾಡಿ. ದೂರಿನ ನಂಬರ್ ಕೇಳಿ ಪಡೆಯದೆ ಫೋನ್ ಇಡಬೇಡಿ. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ನಿಮಗೆ ಒಪ್ಪಿಗೆ ಆಗದಿದ್ದರೆ, ಯುಎಇಯಲ್ಲಿ ಬ್ಯಾಂಕ್ ಮತ್ತು ಇನ್ಶೂರೆನ್ಸ್ ದೂರುಗಳಿಗೆಂದೇ ಸನದಕ್ ಎಂಬ ಸಂಸ್ಥೆ ಇದೆ. ಅಲ್ಲಿ ಮೊದಲು ಕೇಳುವುದೇ ಬ್ಯಾಂಕಿಗೆ ಕೊಟ್ಟ ದೂರಿನ ವಿವರ.

ಉಳಿದದ್ದು 29.99. ಇದಕ್ಕೆ ಅವರು ಮೊದಲು ಹೇಳಿದ್ದು ಇದು ನನ್ನದಲ್ಲವೇ ಅಲ್ಲ ಎಂದು. ಹುಡುಕಿದಾಗ, ಮಗಳು ಫೋನಿನಲ್ಲಿ ಚಿತ್ರ ಬಿಡಿಸುವ ಒಂದು ಆ್ಯಪ್ ಹಾಕಿದ್ದಳು, ಏಳು ದಿನ ಪುಕ್ಕಟೆ ಅಂತ ಇತ್ತು. ಎಂಟನೇ ದಿನದಿಂದ ತಿಂಗಳಿಗೆ 29.99. ಆ್ಯಪ್ ಅಳಿಸಿ ಹಾಕಿದ್ದರು, ಆದರೆ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್ ಒಳಗೆ ಚಂದಾದ ಪಟ್ಟಿಗೆ ಹೋಗಿ ರದ್ದು ಮಾಡಬೇಕು. ಇದನ್ನು ಬ್ಯಾಂಕಿನಲ್ಲಿ ಮೋಸ ಅಂತ ದೂರು ಕೊಟ್ಟರೆ ನಿಲ್ಲುವುದಿಲ್ಲ, ಕಾರ್ಡ್ ನಂಬರ್ ನಾವೇ ಕೊಟ್ಟದ್ದು. ಇದನ್ನು ರದ್ದು ಮಾಡಿ, ಖರ್ಚು ಅಂತ ಬರೆದುಕೊಂಡೆವು. ಹಾಗೆ ಲೆಕ್ಕದಲ್ಲಿ 2.10 ಮತ್ತು 29.99 ನಮ್ಮ ಖರ್ಚು. 86.50 ಮತ್ತು ಅಕ್ಟೋಬರಿನ 26.25, ಒಟ್ಟು 112.75, ಬರಬೇಕಾದದ್ದು ಎಂದು ನೋಟ್‌ಬುಕ್ಕಿನ ಮುಂದಿನ ಪುಟದ ಮೇಲೆ ಬರೆದೆವು. ನವೆಂಬರಿನ ಟಿಕ್ ಶುರುವಾಗುವುದೇ ಅಲ್ಲಿಂದ. ಕೊಡುತ್ತೇವೆ ಅಂದದ್ದು ನಿಜವಾಗಿ ಬಂತಾ ಎಂದು ನೋಡದೆ ಬಿಡುವವರೇ ಹೆಚ್ಚು.

ಆದರೆ ಯಾರದ್ದು ಎಂದು ಎಷ್ಟು ಹುಡುಕಿದರೂ ಗೊತ್ತಾಗದ ಒಂದು ಸಾಲು ಉಳಿದರೆ, ಅದು ಒಂದೇ ಒಂದು ದಿರ್ಹಂ ಆದರೂ, ಕಾರ್ಡನ್ನು ಆ ಕೂಡಲೇ ಬ್ಲಾಕ್ ಮಾಡಿ. ಕದ್ದ ಕಾರ್ಡ್ ನಂಬರ್ ನಡೆಯುತ್ತದಾ ಎಂದು ಕಳ್ಳರು ಮೊದಲು ಸಣ್ಣ ಮೊತ್ತ ಹಾಕಿ ಪರೀಕ್ಷೆ ಮಾಡುತ್ತಾರೆ, ಆಮೇಲೆ ದೊಡ್ಡದು. ಇಲ್ಲಿ ತಿಂಗಳಿಗೊಮ್ಮೆ ನೋಡುವುದರ ಮಿತಿಯನ್ನೂ ಹೇಳಬೇಕು. ಫೀ, ಎರಡು ಸಲದ ಕಡಿತ, ಚಂದಾ, ಇವಕ್ಕೆ ತಿಂಗಳ ಲೆಕ್ಕ ಸಾಕು. ನಮ್ಮ ಒಪ್ಪಿಗೆ ಇಲ್ಲದೆ ಹೋದ ಹಣಕ್ಕೆ ಸಾಲದು, ಅಲ್ಲಿ ದಿನಗಳ ಲೆಕ್ಕ.

ಊರಿನ ಬ್ಯಾಂಕಿನ ಮಟ್ಟಿಗೆ ರಿಸರ್ವ್ ಬ್ಯಾಂಕ್ ಇದನ್ನು 2017ರ ಜುಲೈಯ ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಹೇಳಿದೆ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಹೊರಗಿನವರು ಮಾಡಿದ ಮೋಸ ಎಂದಾದರೆ, ಬ್ಯಾಂಕಿನ ಸಂದೇಶ ಸಿಕ್ಕ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬೀಳುವುದಿಲ್ಲ. ನಾಲ್ಕರಿಂದ ಏಳು ದಿನದೊಳಗೆ ಆದರೆ ಒಂದು ಮಿತಿಯ ತನಕ ನೀವು ಹೊರಬೇಕು, ಸಾಮಾನ್ಯ ಉಳಿತಾಯ ಖಾತೆಗೆ 10,000 ರೂಪಾಯಿ ತನಕ. ಏಳು ದಿನ ದಾಟಿದರೆ ಆ ಬ್ಯಾಂಕಿನ ಸ್ವಂತ ನೀತಿ ಏನು ಹೇಳುತ್ತದೋ ಅದು. ಓಟಿಪಿಯನ್ನು ನೀವೇ ಹೇಳಿಬಿಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ತನಕ ಹೋದದ್ದೆಲ್ಲ ನಿಮ್ಮ ನಷ್ಟ. ಮೂರು ದಿನದಲ್ಲಿ ತಿಳಿಸಬೇಕಾದರೆ ಸಂದೇಶ ನಿಮಗೆ ಮುಟ್ಟಬೇಕು. ನಮ್ಮಲ್ಲಿ ಎಷ್ಟೋ ಜನರ ಖಾತೆಗೆ ಇನ್ನೂ ಊರಿನ ಹಳೆಯ ನಂಬರೇ ಇದೆ. ರೀಚಾರ್ಜ್ ಮಾಡದೆ ಆ ಸಿಮ್ ಸತ್ತಿರುತ್ತದೆ, ನಂಬರ್ ಬೇರೆ ಯಾರಿಗೋ ಹೋಗಿರುತ್ತದೆ. ಎನ್‌ಆರ್‌ಇ ಖಾತೆಗೆ ಇಲ್ಲಿಯ ನಂಬರನ್ನೇ ಸೇರಿಸಲು ನಿಮ್ಮ ಬ್ಯಾಂಕಿನಲ್ಲಿ ಆಗುತ್ತದಾ ಎಂದು ಕೇಳಿ. ಆಗದಿದ್ದರೆ ಈಮೇಲ್ ಸಂದೇಶವನ್ನಾದರೂ ಹಾಕಿಸಿಕೊಳ್ಳಿ.

ಊರಿನ ಖಾತೆಯ ಬಗ್ಗೆ ಇನ್ನೊಂದು ಮಾತು ಹೇಳದೆ ಮುಗಿಸಲಾರೆ, ಅಲ್ಲಿ ಹಣಕ್ಕಿಂತ ದೊಡ್ಡದು ಹೋಗುವುದುಂಟು. ನನಗೆ ಗೊತ್ತಿರುವ ಒಬ್ಬರು ಹೆಂಡತಿಯ ಜೊತೆಗೆ ಜಂಟಿ ಖಾತೆ ಇಟ್ಟಿದ್ದಾರೆ. ಒಂದು ದಿನ ಇಲ್ಲಿ ಅವರ ಫೋನಿಗೆ ಸಂದೇಶ ಬಂತು, ಎಟಿಎಂನಿಂದ 10,000 ರೂಪಾಯಿ ತೆಗೆಯಲಾಗಿದೆ ಎಂದು. ಸಂಜೆ ಮಾತಾಡುವಾಗ ಆಕೆ ಹೇಳಿದಳು, ಮೆಷಿನ್ ಹಣ ಕೊಡಲೇ ಇಲ್ಲ ಎಂದು. ಇವರು ನಂಬಲಿಲ್ಲ. ಸಂದೇಶ ಇದೆಯಲ್ಲ ಕೈಯಲ್ಲಿ. ತವರಿಗೆ ಕೊಟ್ಟಿರಬೇಕು ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿ ಎರಡು ದಿನ ಮಾತು ಬಿಟ್ಟರು. ತಿಂಗಳ ಸ್ಟೇಟ್‌ಮೆಂಟ್ ತೆಗೆದಾಗ 3ನೇ ತಾರೀಕು 10,000 ಹೋದ ಸಾಲು ಇತ್ತು, 7ನೇ ತಾರೀಕು 10,000 ವಾಪಸ್ ಬಂದ ಸಾಲೂ ಇತ್ತು. ಹೋದ ಸಂದೇಶವನ್ನು ಓದಿದ್ದರು, ಬಂದದ್ದನ್ನು ಓದಿರಲಿಲ್ಲ. ಮೆಷಿನ್ ಹಣ ಕೊಡದೆ ಖಾತೆಯಿಂದ ಕಡಿದರೆ ಐದು ದಿನದೊಳಗೆ ಬ್ಯಾಂಕ್ ತಾನಾಗಿ ವಾಪಸ್ ಹಾಕಬೇಕು, ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯಲ್ಲಿದೆ. ತಡವಾಗಿ ಬಂದಿದ್ದರೆ ಆ 100ರ ಲೆಕ್ಕವನ್ನೂ ಸ್ಟೇಟ್‌ಮೆಂಟಿನಲ್ಲಿ ಹುಡುಕಿ. ಮನೆಯವರನ್ನು ಕೇಳುವ ಮೊದಲು ಸ್ಟೇಟ್‌ಮೆಂಟನ್ನು ಕೇಳಿ ಅಂತ ನಾನು ಅವರಿಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

ಹಾಗೆಯೇ ಮೇ ತಿಂಗಳ ಕೊನೆಯ ಹೊತ್ತಿಗೆ 436 ಮತ್ತು 20 ರೂಪಾಯಿ ಹೋಗಿರುವುದು ಕಂಡರೆ ಗಾಬರಿ ಬೇಡ. ಪಕ್ಕದಲ್ಲಿ PMJJBY, PMSBY ಅಂತ ಇರುತ್ತದೆ, ಸರ್ಕಾರದ ಜೀವ ವಿಮೆ ಮತ್ತು ಅಪಘಾತ ವಿಮೆ, ಯಾವಾಗಲೋ ಬ್ಯಾಂಕಿನಲ್ಲಿ ಸಹಿ ಹಾಕಿರುತ್ತೀರಿ. ಆದರೆ ಎರಡು ಬ್ಯಾಂಕಿನಲ್ಲಿ ಖಾತೆ ಇದ್ದು ಎರಡರಲ್ಲೂ ಕಡಿಯುತ್ತಿದ್ದರೆ ಅದು ನಿಜವಾದ ಎರಡು ಸಲದ ಕಡಿತ. ಒಬ್ಬರಿಗೆ ಒಂದು ಖಾತೆಯಿಂದ ಮಾತ್ರ, ಎರಡು ಕಡೆ ಕಟ್ಟಿದರೂ ಜೀವ ವಿಮೆ ಸಿಗುವುದು 2 ಲಕ್ಷವೇ, ಇನ್ನೊಂದು ಕಂತು ವ್ಯರ್ಥ. ಇದನ್ನು ಹಿಡಿಯಬೇಕಾದರೆ ಎರಡೂ ಬ್ಯಾಂಕಿನ ಮೇ ಮತ್ತು ಜೂನ್ ಸ್ಟೇಟ್‌ಮೆಂಟ್ ಪಕ್ಕಪಕ್ಕ ಇಟ್ಟು ನೋಡಬೇಕು. ಒಂದರಲ್ಲಿ ಬರಹದಲ್ಲಿ ನಿಲ್ಲಿಸಲು ಹೇಳಿ, ಇನ್ನೊಂದು ಮುಂದುವರಿಯಲಿ.

ಇನ್ನು ನಾನು ಮಾತು ನಿಲ್ಲಿಸುತ್ತೇನೆ. ಬರುವಾಗ ಹೋದ ತಿಂಗಳ ಸ್ಟೇಟ್‌ಮೆಂಟ್ ತನ್ನಿ ಎಂದು ಗ್ರೂಪಿನಲ್ಲಿ ಹೇಳಿದ್ದೆವು. ತಂದವರು ಎಡಗಡೆಯ ಮೇಜಿಗೆ ಬನ್ನಿ. ಖಾತೆ ನಂಬರ್ ಇರುವ ತಲೆಭಾಗವನ್ನು ಒಳಗೆ ಮಡಿಚಿಕೊಳ್ಳಿ, ನನಗೆ ಅದನ್ನು ತೋರಿಸುವುದು ಬೇಡ. ಪಾಸ್‌ವರ್ಡ್, ಪಿನ್ ಯಾವುದನ್ನೂ ಹೇಳಬೇಡಿ, ನಾನು ಕೇಳಿದರೂ ಹೇಳಬೇಡಿ. ಪೆನ್ನು ಅಲ್ಲಿ ಇಟ್ಟಿದ್ದೇವೆ. ತರದವರು ಚಾ ಕುಡಿಯುವಷ್ಟರಲ್ಲಿ ಆ್ಯಪ್‌ನಿಂದ ಪಿಡಿಎಫ್ ಇಳಿಸಿಕೊಳ್ಳಿ, ಹೇಗೆಂದು ನಮ್ಮ ಹುಡುಗರು ತೋರಿಸುತ್ತಾರೆ. ಕಂಪನಿ ಬದಲಾಯಿಸಿದವರು ಮೊದಲು ಬನ್ನಿ.